‘ಡಾಕ್ಟರ್ಸ್ ಕವರ್ಡ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು?

ಗೆಳೆಯರೇ, ಉಡುಪಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನಿಂದ ಉದ್ಯೋಗದ ಕೈಪಿಡಿಯೊಂದನ್ನು ಕನ್ನಡದಲ್ಲಿ ತರುತ್ತಿದ್ದೇವೆ. ಮೆಡಿಕಲ್ ರೆಪ್ ಕೆಲಸದ ರೆಸ್ಯೂಮೆ ಮಾದರಿ ನನ್ನ ಪಾಲಿಗೆ ಬಂದಿದೆ. ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟ ಸಾಲು ಇದು: “ಹೆಡ್‌ಕ್ವಾರ್ಟರ್ ಉಡುಪಿ, ಜೊತೆಗೆ ಕುಂದಾಪುರ, ಕಾರ್ಕಳ. 180 ಡಾಕ್ಟರ್ಸ್ ಕವರ್ಡ್. ಎರಡು ಲಾಂಚ್. ಟಾರ್ಗೆಟ್ ಅಚೀವ್‌ಮೆಂಟ್ 104%.” ಟೆರಿಟರಿಗೆ ‘ಓಡಾಟದ ಊರುಗಳು’ ಅಂತ ಹಾಕಿದ್ದೇನೆ. ‘ಕವರ್ಡ್’ಗೆ ‘ಭೇಟಿಯಾದ ವೈದ್ಯರು’ ಸಾಕೇ?

ಮಂಗಳೂರಿನಿಂದ ಒಬ್ಬರು:
‘ಕವರ್’ ಅಂದರೆ ವಿಮೆ ಅಲ್ವಾ? ‘ವಿಮಾ ರಕ್ಷಣೆಯ ವೈದ್ಯರು’ ಅಂತ ಬರೆಯಬಹುದು.

ಬ್ರಹ್ಮಾವರದಿಂದ:
ವಿಮೆ ಅಲ್ಲ ಮಾರಾಯ್ರೇ! ನನ್ನ ಅಣ್ಣನ ಮಗ ರೆಪ್. ‘ಭೇಟಿಯಾದ’ ಸರಿಯಾಗಿಯೇ ಉಂಟು. ರಾತ್ರಿ ಒಂಬತ್ತಕ್ಕೂ ಕ್ಲಿನಿಕ್ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತಿರುತ್ತಾನೆ, ಪಾಪ.

ಕಾರ್ಕಳದಿಂದ, ನಿವೃತ್ತ ಏರಿಯಾ ಮ್ಯಾನೇಜರ್:
ಮೇಷ್ಟ್ರೇ, ‘ಭೇಟಿಯಾದ’ ಅರ್ಧ ಸರಿ. 180 ಅನ್ನುವುದು ಸಾಮಾನ್ಯವಾಗಿ ಅವನ ಲಿಸ್ಟ್. ಲಿಸ್ಟಲ್ಲಿ ಇರುವವರೆಲ್ಲ ತಿಂಗಳು ತಿಂಗಳೂ ಸಿಗುವುದಿಲ್ಲ. 162 ಜನರನ್ನು ನೋಡಿದ ಅಂತಿಟ್ಟುಕೊಳ್ಳಿ, ಆಗ ಕವರೇಜ್ 90%. ಅವರಲ್ಲಿ 54 ಮಂದಿಯನ್ನು ಎರಡು ಸಲ ನೋಡಿದರೆ ಒಟ್ಟು ಕಾಲ್, ಅಂದರೆ ಭೇಟಿ, 216. ಕೆಲಸದ ದಿನ 24, ಅಂದರೆ ದಿನಕ್ಕೆ 9 ಕಾಲ್. ಇಂಟರ್‌ವ್ಯೂನಲ್ಲಿ ನಾನು ಕೇಳುತ್ತಿದ್ದದ್ದು ಇದನ್ನೇ. ಸುಮ್ನೆ 180 ಬರೆದವರು ಅಲ್ಲೇ ತಡವರಿಸುತ್ತಿದ್ದರು. ಹಾಗಾಗಿ ‘ಪಟ್ಟಿಯಲ್ಲಿ 180 ವೈದ್ಯರು, ತಿಂಗಳಿಗೆ ಭೇಟಿಯಾದವರು 162’ ಅಂತ ಎರಡನ್ನೂ ಬರೆಯಿರಿ.

ನನಗೆ ಜಾಸ್ತಿ ಚಿಂತೆ 104%ದ್ದು. ಯಾವ ಮಾರಾಟದ ಲೆಕ್ಕ ಅದು? ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ, ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋದದ್ದು ಸೆಕೆಂಡರಿ. ಟಾರ್ಗೆಟ್ 5 ಲಕ್ಷ, ಪ್ರೈಮರಿ 5.2 ಲಕ್ಷ ಆದರೆ 104%. ಸೆಕೆಂಡರಿ 4.3 ಲಕ್ಷವೇ ಇದ್ದರೆ 86%. ಉಳಿದ ಮಾಲು ಸ್ಟಾಕಿಸ್ಟ್ ಗೋಡೌನ್‌ನಲ್ಲಿ ಕೂತಿದೆ. ತಿಂಗಳ ಕೊನೆಯ ದಿನ ಬಿಲ್ ಮಾಡಿಸಿ ತಳ್ಳಿದ ಮಾಲು ಮುಂದಿನ ತಿಂಗಳ ಆರ್ಡರನ್ನು ತಿನ್ನುತ್ತದೆ, ಕೆಲವೊಮ್ಮೆ ಎಕ್ಸ್‌ಪೈರಿಯಾಗಿ ವಾಪಸ್ಸೂ ಬರುತ್ತದೆ. ‘ಗುರಿ ಸಾಧನೆ’ ಅಂತ ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

ನಾನು:
ತುಂಬಾ ಉಪಕಾರ ಸರ್. ‘ಸ್ಟಾಕಿಸ್ಟ್‌ಗೆ ಹೋದ ಮಾರಾಟ’, ‘ಅಂಗಡಿಗೆ ಹೋದ ಮಾರಾಟ’ ಅಂತ ಎರಡು ಸಾಲು ಮಾಡುತ್ತೇನೆ. ಪಕ್ಕದಲ್ಲಿ ಅವಧಿಯನ್ನೂ ಹಾಕಿಸುತ್ತೇನೆ. ಹೊಸ ಮದ್ದಿನ ಲಾಂಚ್‌ಗೆ ‘ಬಿಡುಗಡೆ’ ಆದೀತೇ?

ಬ್ರಹ್ಮಾವರದಿಂದ:
ಪುಸ್ತಕ ಬಿಡುಗಡೆಯ ಹಾಗೆ ಕೇಳುತ್ತದೆ. ‘ಮೊದಲ ಪರಿಚಯ’ ಅನ್ನಿ.

ಕಾರ್ಕಳದಿಂದ:
ಬಿಡುಗಡೆ ಮಾಡುವುದು ಕಂಪನಿ, ರೆಪ್ ಅಲ್ಲ. ಆದರೆ ‘ಪರಿಚಯ’ ಅಂದರೆ ತೀರಾ ಕಡಿಮೆ. ಮೂರು ತಿಂಗಳಲ್ಲಿ ಎಷ್ಟು ಡಾಕ್ಟರ್ ಆ ಮದ್ದನ್ನು ಬರೆಯಲು ಶುರು ಮಾಡಿದರು, ಎಷ್ಟು ಮೆಡಿಕಲ್‌ನಲ್ಲಿ ಅದು ಸಿಗುತ್ತಿತ್ತು ಅನ್ನುವುದೂ ಅದರೊಳಗೆ ಬರಬೇಕು. ಒಂದೇ ಪದ ನನಗೂ ಹೊಳೆಯುತ್ತಿಲ್ಲ. ಸದ್ಯಕ್ಕೆ ‘ಲಾಂಚ್’ ಅಂತಲೇ ಇಡಿ, ಕೆಳಗೆ ಆ ಎರಡು ಸಂಖ್ಯೆ ಬರೆಸಿ.