ಅಪ್‌ಡೇಟ್: ಕೇಪ್ ನಡುಗುವುದು ನಿಂತಿತು

ನನ್ನ ಪ್ರಶ್ನೆ: "ಬಟ್ಟೆ ಸಿಮ್ಯುಲೇಶನ್‌ನಲ್ಲಿ ಕ್ಯಾರೆಕ್ಟರ್ ಸುಮ್ನೆ ನಿಂತಿದ್ದರೂ ಕೇಪ್ ಸೊಂಟದ ಹತ್ತಿರ ನಡುಗುತ್ತಿದೆ. ಸಾಲ್ವರ್ ಇಟರೇಶನ್ 32ಕ್ಕೆ ಏರಿಸಿದರೂ ಹೋಗುತ್ತಿಲ್ಲ, ಏನು ಮಾಡಲಿ?"

ಸರಿಹೋಯಿತು! ಉತ್ತರದಲ್ಲಿ ಒಬ್ಬರು ಕೊಲಿಷನ್ ಪೂರ್ತಿ ಆಫ್ ಮಾಡಿ ನೋಡಿ ಅಂದಿದ್ದರಲ್ವಾ, ಹಾಗೆ ಮಾಡಿದ ತಕ್ಷಣ ನಡುಕ ನಿಂತಿತು. ಡೀಬಗ್ ಡ್ರಾ ಹಾಕಿದಾಗ ಕಾರಣ ಕಣ್ಣಿಗೇ ಬಿತ್ತು. ಸೊಂಟಕ್ಕೆ ಇಟ್ಟಿದ್ದ ಕೊಲಿಷನ್ ಕ್ಯಾಪ್ಸೂಲ್ ಎಷ್ಟು ದಪ್ಪ ಇತ್ತೆಂದರೆ, ರೆಸ್ಟ್ ಪೋಸ್‌ನಲ್ಲೇ ಕೇಪಿನ ಒಂದು ಸಾಲು ಪಾರ್ಟಿಕಲ್‌ಗಳು ಅದರೊಳಗೆ 2 ಸೆಂ.ಮೀ. ಹೂತಿದ್ದವು. ಪ್ರತಿ ಫ್ರೇಮ್‌ನಲ್ಲೂ ಕ್ಯಾಪ್ಸೂಲ್ ಹೊರಗೆ ತಳ್ಳುತ್ತದೆ, ಮೇಲಿನ ಸಾಲಿಗೆ ಕಟ್ಟಿರುವ ಉದ್ದದ ಕನ್‌ಸ್ಟ್ರೇಂಟ್ ಮತ್ತೆ ಒಳಗೆ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸಲು ಆಗುವುದೇ ಇಲ್ಲ, ಹಾಗಾಗಿ ಇಟರೇಶನ್ ಎಷ್ಟು ಕೊಟ್ಟರೂ ಜಗಳ ಮುಗಿಯುವುದಿಲ್ಲ.

ರೇಡಿಯಸ್ 14ರಿಂದ 11 ಸೆಂ.ಮೀ.ಗೆ ಇಳಿಸಿದೆ, ಬಟ್ಟೆಗೂ ಕ್ಯಾಪ್ಸೂಲಿಗೂ ನಡುವೆ 1 ಸೆಂ.ಮೀ. ಜಾಗ ಬಂತು. ಆಮೇಲೆ ಇಟರೇಶನ್ 6ಕ್ಕೆ ತಂದೆ. 32ರಲ್ಲಿ ಕೇಪ್ ರಟ್ಟಿನ ಹಾಗೆ ಬಿರುಸಾಗಿತ್ತು, ಈಗ ಬಟ್ಟೆಯ ಹಾಗೆ ಬೀಳುತ್ತದೆ, ನೋಡಲು ನಿಜಕ್ಕೂ ಖುಷಿ.

ಡ್ಯಾಂಪಿಂಗ್ ಕೊನೆಗೆ ಮುಟ್ಟಿದೆ, 0.05 ಸಾಕಾಯಿತು. ಮೊದಲು 0.4 ಇಟ್ಟು ನಡುಕ ಮುಚ್ಚಲು ನೋಡಿದ್ದೆ, ಕೇಪ್ ನೀರೊಳಗೆ ತೇಲಿದಂತೆ ಕಾಣುತ್ತಿತ್ತು. ಡ್ಯಾಂಪಿಂಗ್ ಪ್ರತಿ ಸ್ಟೆಪ್‌ಗೆ ಲೆಕ್ಕ ಆಗುವ ಕಾರಣ ಸಿಮ್ಯುಲೇಶನ್ ಸ್ಟೆಪ್ಪನ್ನೂ 1/60 ಸೆಕೆಂಡಿಗೆ ಫಿಕ್ಸ್ ಮಾಡಿದೆ, ಇಲ್ಲದಿದ್ದರೆ ಫ್ರೇಮ್ ರೇಟ್ ಬದಲಾದಂತೆ ಕೇಪಿನ ಭಾರವೂ ಬದಲಾದ ಹಾಗೆ ಅನಿಸುತ್ತದೆ.

ಒಂದು ಉಳಿದಿದೆ: ಜೋರಾಗಿ ಓಡುವಾಗ ತೊಡೆ ಒಮ್ಮೊಮ್ಮೆ ಕೇಪನ್ನು ತೂರಿ ಬರುತ್ತದೆ. ಅಲ್ಲಿಗೆ ಒಂದು ಫ್ರೇಮ್‌ಗೆ 2 ಸಬ್‌ಸ್ಟೆಪ್ ಹಾಕಿ ನೋಡುತ್ತಿದ್ದೇನೆ.