ಚೌಕದ ಎರಡು ದಾರಿ ಒಂದೇ ಮೂಲೆ ಸೇರಿದರೆ ಸಾಕಾ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ): ಸರ್, ಪುಸ್ತಕದಲ್ಲಿ ಬಾಣಗಳ ಚೌಕ ಬರೆದು ‘ಇದು ಕಮ್ಯೂಟ್ ಆಗುತ್ತದೆ’ ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ಅದನ್ನು ಚೆಕ್ ಮಾಡೋದು ಹೇಗೆ? ಎರಡೂ ದಾರಿ ಒಂದೇ ಮೂಲೆಗೆ ಬರುತ್ತವಲ್ಲ, ಅಷ್ಟು ಸಾಕಲ್ವಾ?

ಗಣಿತದ ಮೇಷ್ಟ್ರು: ಸಾಲದಮ್ಮ. ಮೂಲೆ ಒಂದೇ ಆದರೆ ಉತ್ತರ ಇರುವ ಜಾಗ ಒಂದೇ ಅಂತಷ್ಟೇ. ಹೊರಟ ಪ್ರತಿಯೊಂದು ವಸ್ತುವಿಗೂ ಎರಡು ದಾರಿಯಲ್ಲೂ ಅದೇ ಉತ್ತರ ಸಿಗಬೇಕು. ಈ ಚೌಕ ನೋಡಿ:

```
P --S--> P
|        |
D        D
v        v
P --S--> P
```

P ಅಂದರೆ ಎಲ್ಲ ಬಹುಪದೋಕ್ತಿಗಳು. S ಮಾಡೋದು x ಇದ್ದಲ್ಲಿ 2x ಹಾಕೋದು. D ಅಂದರೆ ಡೆರಿವೇಟಿವ್. ಈಗ x³ ಅನ್ನು ಎಡ ಮೇಲಿನ ಮೂಲೆಯಲ್ಲಿಟ್ಟು ನಡೆಸಿ, ಪ್ರತಿ ಮೂಲೆಯಲ್ಲೂ ಏನು ಬಂತು ಅಂತ ಬರೆದುಕೊಳ್ಳಿ. ಮೊದಲು ಬಲಕ್ಕೆ ಹೋದರೆ 8x³, ಅಲ್ಲಿಂದ ಕೆಳಗೆ 24x². ಮೊದಲು ಕೆಳಗೆ ಬಂದರೆ 3x², ಅಲ್ಲಿಂದ ಬಲಕ್ಕೆ 3·(2x)², ಅಂದರೆ 12x². ಎರಡೂ ಬೇರೆ. ಚೌಕ ಬಿತ್ತು, ಇನ್ನೊಂದು ಉದಾಹರಣೆ ಬೇಕಿಲ್ಲ.

ಬರೆಯುವಾಗ ಒಂದು ಎಚ್ಚರ: ‘ಮೊದಲು S, ಆಮೇಲೆ D’ ಅನ್ನೋದನ್ನು D∘S ಅಂತ ಬರೀತೀವಿ. ಬಾಣ ಎಡದಿಂದ ಬಲಕ್ಕೆ, ಬರಹ ಬಲದಿಂದ ಎಡಕ್ಕೆ. ಪರೀಕ್ಷೆಯಲ್ಲಿ ಜಾಸ್ತಿ ತಪ್ಪಾಗೋದು ಇಲ್ಲೇ.

ಸಾಫ್ಟ್‌ವೇರ್‌ನವರು: ನಮ್ಮ ಕೆಲಸದಲ್ಲೂ ಇದೇ ಬರುತ್ತೆ ಸರ್. ಲಿಸ್ಟ್ ತಿರುಗಿಸಿ ಆಮೇಲೆ ಪ್ರತಿಯೊಂದನ್ನೂ ಡಬಲ್ ಮಾಡಿದರೂ ಅದೇ, ಮೊದಲು ಡಬಲ್ ಮಾಡಿ ಆಮೇಲೆ ತಿರುಗಿಸಿದರೂ ಅದೇ. ಆದರೆ ಸಾರ್ಟ್ ಮಾಡೋದು ಮತ್ತು −1ರಿಂದ ಗುಣಿಸೋದು ಹಾಗಲ್ಲ. [1, 2, 3] ಸಾರ್ಟ್ ಮಾಡಿ ಗುಣಿಸಿದರೆ [−1, −2, −3], ಗುಣಿಸಿ ಸಾರ್ಟ್ ಮಾಡಿದರೆ [−3, −2, −1]. ನಾನು ನಾಲ್ಕೈದು ಇನ್‌ಪುಟ್ ಕೊಟ್ಟು ನೋಡ್ತೀನಿ, ಎಲ್ಲ ಸರಿ ಬಂದರೆ ಕಮ್ಯೂಟ್ ಆಗುತ್ತೆ ಅಂತ ಬಿಟ್ಟುಬಿಡ್ತೀನಿ.

ಗಣಿತದ ಮೇಷ್ಟ್ರು: ಉದಾಹರಣೆ ಚೆನ್ನಾಗಿದೆ. ಆದರೆ ಸುಮ್ನೆ ನಾಲ್ಕೈದು ನೋಡಿದರೆ ಸಾಲದು. ನನ್ನ ಚೌಕದಲ್ಲೇ 5, 7, −3 ಅಂತ ಬರೀ ಸ್ಥಿರ ಸಂಖ್ಯೆಗಳನ್ನು ಕೊಟ್ಟಿದ್ದರೆ ಎರಡೂ ದಾರಿ 0 ಕೊಡುತ್ತಿತ್ತು, ಎಲ್ಲ ಸರಿ ಇದೆ ಅಂತ ಅನ್ನಿಸುತ್ತಿತ್ತು. ಎಷ್ಟು ನೋಡಬೇಕು ಅನ್ನೋದು ಬಾಣಗಳ ಸ್ವಭಾವದ ಮೇಲೆ ನಿಂತಿದೆ. ಇಲ್ಲಿ S, D ಎರಡೂ ಲೀನಿಯರ್, ಹಾಗಾಗಿ 1, x, x², x³ ಹೀಗೆ ಘಾತಗಳನ್ನಷ್ಟೇ ನೋಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಬಾಣಗಳು ಬರೀ ಫಂಕ್ಷನ್‌ಗಳಾದರೆ ಆ ಅನುಕೂಲ ಇಲ್ಲ, ಯಾವುದೋ ಒಂದು x ಇಟ್ಟುಕೊಂಡು ಎಲ್ಲದಕ್ಕೂ ಸಲ್ಲುವ ಹಾಗೆ ತೋರಿಸಬೇಕು.

ಈ ಚೌಕವನ್ನು ಸರಿ ಮಾಡಲೂಬಹುದು. ಕೆಳಗಿನ ಬಾಣದಲ್ಲಿ S ಬದಲು 2S ಹಾಕಿ. xⁿ ಬಲಕ್ಕೆ ಹೋಗಿ ಕೆಳಗಿಳಿದರೆ n·2ⁿ·xⁿ⁻¹. ಕೆಳಗಿಳಿದು ಬಲಕ್ಕೆ ಹೋದರೆ 2·n·2ⁿ⁻¹·xⁿ⁻¹, ಅದೂ ಅದೇ. ನೀವು ಬಿಎಸ್ಸಿಯಲ್ಲಿ ಕಲಿತ ಚೈನ್ ರೂಲ್‌ನ 2 ಇಲ್ಲಿ ಕೆಳಗಿನ ಬಾಣದಲ್ಲಿ ಕೂತಿದೆ.

ಪಿಯು ಉಪನ್ಯಾಸಕಿ: ದೊಡ್ಡ ಚಿತ್ರಕ್ಕೆ ಒಂದು ಸುಲಭ ದಾರಿ ಇದೆ. ಎರಡು ಚೌಕ ಅಕ್ಕಪಕ್ಕ ಇದ್ದರೆ ಹೊರಗಿನ ಆಯತ ಮಾತ್ರ ನೋಡಿ. ಅದು ಸರಿ ಇದ್ದರೆ ಒಳಗಿನವೂ ಸರಿ ಇರುತ್ತವೆ.

ಗಣಿತದ ಮೇಷ್ಟ್ರು: ಮೇಡಂ, ಅದು ಇನ್ನೊಂದು ದಿಕ್ಕಿನಲ್ಲಿ ಮಾತ್ರ ನಿಜ. ಒಳಗಿನ ಎರಡೂ ಸರಿ ಇದ್ದರೆ ಹೊರಗಿನದು ಸರಿ. ತಿರುಗಿಸಿದರೆ ಕೆಡುತ್ತದೆ. ಮೊದಲಿನ ಕೆಟ್ಟ ಚೌಕದ ಎಡಕ್ಕೆ ಇನ್ನೊಂದು ಚೌಕ ಅಂಟಿಸಿ. ಅದರ ಎಡ ಮೇಲಿನ ಮೂಲೆಯಲ್ಲಿ ಸ್ಥಿರ ಸಂಖ್ಯೆಗಳು, ಕೆಳಗೆ ಬರೀ 0, ಎರಡರಿಂದಲೂ P ಒಳಗೆ ಹೋಗುವ ಬಾಣ. ಸಂಖ್ಯೆಯ ಡೆರಿವೇಟಿವ್ 0 ತಾನೇ, ಹಾಗಾಗಿ ಎಡ ಚೌಕ ಸರಿ, ಹೊರಗಿನ ಆಯತವೂ ಸರಿ. ಬಲ ಚೌಕ ಮಾತ್ರ ಆಗಲೇ ನೋಡಿದ ಹಾಗೆ ತಪ್ಪು. ಎಡದಿಂದ ಸ್ಥಿರ ಸಂಖ್ಯೆಗಳು ಮಾತ್ರ ಒಳಗೆ ಬರುತ್ತವೆ, x³ ಬರುವುದೇ ಇಲ್ಲ, ಆದ್ದರಿಂದ ತಪ್ಪು ಸಿಕ್ಕಿಬೀಳುವುದಿಲ್ಲ. ಮೇಲಿನ ಎಡ ಬಾಣ ಆನ್‌ಟೂ ಆಗಿದ್ದರೆ ಎಡ ಚೌಕ ಮತ್ತು ಹೊರಗಿನ ಆಯತದಿಂದ ಬಲ ಚೌಕ ಸರಿ ಅಂತ ಹೇಳಬಹುದು.

ಪಿಯು ಉಪನ್ಯಾಸಕಿ: ಹೌದು ಸರ್, ಆನ್‌ಟೂ ಇರಬೇಕು ಅನ್ನೋದನ್ನ ನಾನು ಬಿಟ್ಟಿದ್ದೆ.

ವಿದ್ಯಾರ್ಥಿನಿ: ಇನ್ನೊಂದು ಸರ್. A ಇಂದ B ಗೆ f, g ಅಂತ ಎರಡು ಬಾಣ ಅಕ್ಕಪಕ್ಕ ಇವೆ, ಎಡದಿಂದ A ಗೆ e ಬರುತ್ತೆ. ಚಿತ್ರ ಕಮ್ಯೂಟ್ ಆಗುತ್ತೆ ಅಂದ್ರೆ f = g ಅಂತಾನಾ?

ಗಣಿತದ ಮೇಷ್ಟ್ರು: ಎಲ್ಲ ದಾರಿಗಳೂ ಒಪ್ಪಬೇಕು ಅನ್ನೋದನ್ನ ಅಕ್ಷರಶಃ ಹಿಡಿದರೆ ಹೌದು. ಆದರೆ ನೀವು ನೋಡಿದ್ದು ಈಕ್ವಲೈಸರ್ ಚಿತ್ರ ಇರಬೇಕು, ಅಲ್ಲಿ ಅವರು ಹೇಳೋದು f∘e = g∘e ಅಷ್ಟೇ.

ಸಾಫ್ಟ್‌ವೇರ್‌ನವರು: ಹಾಗಿದ್ರೆ ಅದನ್ನ ಕಮ್ಯೂಟ್ ಆಗುತ್ತೆ ಅಂತ ಕರೆಯಲೇಬಾರದು.

ಗಣಿತದ ಮೇಷ್ಟ್ರು: ಕರೆಯುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನಂತೂ ಅಂಥ ಚಿತ್ರದ ಕೆಳಗೆ ಸಮೀಕರಣ ಬರೆದುಬಿಡುತ್ತೇನೆ.