ಕನ್ನಡ–ಇಂಗ್ಲಿಷ್ ಕೋರ್ಟ್ ಅನುವಾದಕರಾಗಲು ಮಾನ್ಯತೆ ಎಲ್ಲಿ ಸಿಗುತ್ತದೆ?

ಸಹನಾ: ನಮಸ್ಕಾರ. ಕನ್ನಡ ಮತ್ತು ಇಂಗ್ಲಿಷ್ ಐಚ್ಛಿಕ ವಿಷಯ ತೆಗೆದುಕೊಂಡು ಬಿ.ಎ. ಮುಗಿಸಿದ್ದೇನೆ. ಎರಡೂ ಭಾಷೆ ಚೆನ್ನಾಗಿ ಬರುತ್ತವೆ. ಕೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಒಪ್ಪುವ ಅಧಿಕೃತ ಅನುವಾದಕಿ ಆಗಬೇಕೆಂದಿದೆ. ಒಂದು ಖಾಸಗಿ ಸಂಸ್ಥೆಯವರು ಮೂರು ತಿಂಗಳ ಕೋರ್ಸ್ ಮಾಡಿದರೆ 'ಸ್ವೋರ್ನ್ ಟ್ರಾನ್ಸ್‌ಲೇಟರ್' ಲೈಸೆನ್ಸ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಫೀಸು ಕಟ್ಟಲೇ? ನಿಜವಾದ ದಾರಿ ಯಾವುದು?

ವಿಶ್ವನಾಥ: ಎಸ್‌ಎಸ್‌ಸಿಯವರು ಪ್ರತಿ ವರ್ಷ ಟ್ರಾನ್ಸ್‌ಲೇಟರ್ ಪರೀಕ್ಷೆ ಮಾಡ್ತಾರಲ್ಲ, ಅದನ್ನು ಬರೆಯಿರಿ. ಕೇಂದ್ರ ಸರ್ಕಾರದ ಕೆಲಸ, ಅದಕ್ಕಿಂತ ಅಧಿಕೃತ ಇನ್ನೇನು ಬೇಕು?

ಗಿರಿಜಾ (ಅನುವಾದಕಿ): ವಿಶ್ವನಾಥ್ ಅವರೇ, ಆ ಪರೀಕ್ಷೆ ಹಿಂದಿ–ಇಂಗ್ಲಿಷ್ ಅನುವಾದಕರಿಗಾಗಿ ಇರುವುದು. ಸ್ನಾತಕೋತ್ತರ ಪದವಿಯನ್ನೂ ಕೇಳುತ್ತಾರೆ. ಕನ್ನಡದವರಿಗೆ ಅದರಿಂದ ಉಪಯೋಗವಿಲ್ಲ.

ಸಹನಾ, ಫೀಸು ಕಟ್ಟಬೇಡಿ. ಕೆಲವು ಯುರೋಪಿನ ದೇಶಗಳಲ್ಲಿ ಸರ್ಕಾರವೇ ಪ್ರಮಾಣವಚನ ಬೋಧಿಸಿ ಅನುವಾದಕರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಹಾಗೆ ಲೈಸೆನ್ಸ್ ಕೊಡುವ ಕಾನೂನೇ ಇಲ್ಲ, ಆದ್ದರಿಂದ ಖಾಸಗಿ ಸಂಸ್ಥೆ ಅದನ್ನು ಕೊಡುವ ಪ್ರಶ್ನೆಯೂ ಬರುವುದಿಲ್ಲ. ಅವರ ಬಳಿ ಕಲಿತದ್ದು ಕಲಿಕೆಯಾಗಿ ಪ್ರಯೋಜನಕ್ಕೆ ಬಂದರೂ ಬರಬಹುದು. ಆದರೆ ಆ ಪ್ರಮಾಣಪತ್ರವನ್ನು ನೋಡಿ ಯಾವ ರಿಜಿಸ್ಟ್ರಿಯೂ ನಿಮ್ಮ ಅನುವಾದವನ್ನು ಒಪ್ಪುವುದಿಲ್ಲ.

ಇರುವ ದಾರಿಗಳಲ್ಲಿ ಮೊದಲನೆಯದು ನೌಕರಿ. ಹೈಕೋರ್ಟಿನಲ್ಲಿ ಅನುವಾದಕರ ಹುದ್ದೆಗಳಿವೆ, ರಾಜ್ಯ ಸರ್ಕಾರದ ಭಾಷಾಂತರ ವಿಭಾಗದಲ್ಲೂ ಇವೆ. ಇವು ಅಧಿಸೂಚನೆ ಬಂದಾಗ ಅರ್ಜಿ ಹಾಕಿ, ಪರೀಕ್ಷೆ ಬರೆದು ಸೇರುವ ಹುದ್ದೆಗಳು. ಅರ್ಹತೆ ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗಬಹುದು, ಹಳೆಯದನ್ನು ನಂಬಿ ಕೂರಬೇಡಿ. ಎರಡನೆಯದು, ಒಂದು ಪ್ರಕರಣಕ್ಕೆ ಸೀಮಿತವಾಗಿ ನ್ಯಾಯಾಲಯವೇ ನೇಮಿಸುವುದು ಅಥವಾ ಒಪ್ಪುವುದು. ಮೂರನೆಯದು ವಕೀಲರಿಗೆ ಅನುವಾದ ಮಾಡಿಕೊಟ್ಟು, ಅದು ನಿಜವಾದ ಅನುವಾದ ಎಂದು ಕೆಳಗೆ ನೀವೇ ದೃಢೀಕರಿಸಿ ಸಹಿ ಹಾಕುವುದು. ಹೊಸಬರು ಸಾಮಾನ್ಯವಾಗಿ ಮೂರನೆಯದರಿಂದ ಆರಂಭಿಸುತ್ತಾರೆ.

ಈ ಕೆಲಸ ಏಕಿದೆ ಎಂದರೆ, ಕೆಳ ನ್ಯಾಯಾಲಯಗಳಲ್ಲಿ ದಾವೆ, ಸಾಕ್ಷ್ಯ, ದಾಖಲೆ ಬಹುಪಾಲು ಕನ್ನಡದಲ್ಲಿ ನಡೆಯುತ್ತವೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನದು. ಮೇಲ್ಮನವಿ ಮೇಲಕ್ಕೆ ಹೋದಂತೆ ಕಾಗದಗಳೆಲ್ಲ ಇಂಗ್ಲಿಷಿಗೆ ಬರಬೇಕಾಗುತ್ತದೆ.

ನಾಗರಾಜ: ಇಷ್ಟೆಲ್ಲ ಯಾಕೆ? ಅನುವಾದ ಟೈಪ್ ಮಾಡಿಸಿ ನೋಟರಿ ಸೀಲ್ ಹಾಕಿಸಿದರೆ ಮುಗೀತು. ನಾನು ಹತ್ತಾರು ಸಲ ಮಾಡಿಸಿದ್ದೀನಿ, ಯಾರೂ ಕೇಳಿಲ್ಲ.

ಗಿರಿಜಾ: ಅರ್ಧ ಸರಿ, ನಾಗರಾಜಣ್ಣ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ ನೋಟರಿಗೆ ಅನುವಾದ ಮಾಡುವ, ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರ ಕೊಟ್ಟಿದೆ. ಅವರು ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ಸಹಿ ಮಾಡಿದರೆ ಅದಕ್ಕೆ ತೂಕವಿದೆ. ಆದರೆ ಅನುವಾದಕರ ಅಫಿಡವಿಟ್ಟಿಗೆ ಮಾತ್ರ ಸೀಲ್ ಒತ್ತಿದ್ದರೆ, ಇಂಥವರು ನನ್ನ ಮುಂದೆ ಪ್ರಮಾಣ ಮಾಡಿದರು ಎಂಬುದಷ್ಟೇ ಅದರ ಅರ್ಥ. ಅನುವಾದ ಸರಿಯಿದೆ ಎಂದು ನೋಟರಿ ಹೇಳಿದಂತಾಗಲಿಲ್ಲ, ತಪ್ಪಿದ್ದರೆ ಹೊಣೆ ಅಫಿಡವಿಟ್ ಮಾಡಿದವರದು. ಯಾರೂ ಕೇಳಿಲ್ಲ ಎಂದಿರಿ, ಎದುರಿನವರು ಆಕ್ಷೇಪಿಸದಿದ್ದಾಗ ಕೇಳುವುದಿಲ್ಲ.

ಶಾರದಾ: ನನ್ನ ಮಗಳ ಮದುವೆ ಪ್ರಮಾಣಪತ್ರ ಕನ್ನಡದಲ್ಲಿದೆ, ವೀಸಾಕ್ಕೆ ಇಂಗ್ಲಿಷ್ ಬೇಕಂತೆ. ನಾನೇ ಮಾಡಿಕೊಡಬಹುದಾ? ನಾನು ಇಂಗ್ಲಿಷ್ ಎಂ.ಎ.

ಗಿರಿಜಾ: ಶಾರದಮ್ಮ, ಅದು ಯಾವ ದೇಶ ಎಂಬುದರ ಮೇಲೆ ಹೋಗುತ್ತದೆ. ಅಮೆರಿಕದ ವಲಸೆ ಇಲಾಖೆ ಮಾನ್ಯತೆ ಕೇಳುವುದಿಲ್ಲ, ಅನುವಾದ ಪೂರ್ಣ ಮತ್ತು ನಿಖರ, ಅನುವಾದಿಸುವ ಸಾಮರ್ಥ್ಯ ತನಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಬೇಕು. ಕೆನಡಾದವರು ಮನೆಯವರು ಮಾಡಿದ ಅನುವಾದವನ್ನು ಒಪ್ಪುವುದಿಲ್ಲ. ಎಲ್ಲಿಗೇ ಆಗಲಿ, ಹೊರಗಿನವರ ಕೈಲಿ ಮಾಡಿಸುವುದು ಕ್ಷೇಮ. ಕೋರ್ಟಿನ ವಿಷಯ ಇದಕ್ಕಿಂತ ಬೇರೆ.

ಸಹನಾ: ಹಾಗಾದರೆ ನನ್ನ ಸಹಿಗೆ ಬೆಲೆ ಹೇಗೆ ಬರುತ್ತದೆ ಮೇಡಂ? ಯಾರು ಬೇಕಾದರೂ ಸಹಿ ಹಾಕಬಹುದಲ್ಲವೇ?

ಗಿರಿಜಾ: ಹಾಕಬಹುದು. ಆದರೆ ಆ ಸಹಿಯನ್ನು ಎದುರು ಪಕ್ಷದವರು ಪ್ರಶ್ನಿಸಿದಾಗ ಎಷ್ಟು ಜನ ನಿಲ್ಲುತ್ತಾರೆ ಎಂಬುದು ಬೇರೆ ಮಾತು. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಜಮೀನಿನ ವ್ಯಾಜ್ಯಗಳಲ್ಲಿ ಇಂಥದ್ದು ಬರುತ್ತಲೇ ಇರುತ್ತದೆ.

ಹಳೆಯ ಛಾಪಾ ಕಾಗದದಲ್ಲಿ ಕೈಬರಹದ ಒಂದು ಪತ್ರ. ತಲೆಬರಹ 'ಕ್ರಯದ ಕರಾರು ಪತ್ರ'. ಒಳಗೆ ಮುಂಗಡ ಪಡೆದ ಮೊತ್ತ, ಜಮೀನನ್ನು ಈ ದಿನವೇ ಸ್ವಾಧೀನಕ್ಕೆ ಕೊಟ್ಟಿದ್ದೇನೆ ಎಂಬ ಸಾಲು, ಉಳಿಕೆ ಹಣ ಕೊಟ್ಟ ಮೇಲೆ ಕ್ರಯಪತ್ರ ಬರೆದು ರಿಜಿಸ್ಟರ್ ಮಾಡಿಕೊಡುತ್ತೇನೆ ಎಂಬ ಸಾಲು. ಕಡೆಗೆ ಚಕ್ಕುಬಂದಿ. ಹೊಸ ಅನುವಾದಕರು 'ಕ್ರಯ'ವನ್ನೂ 'ಸ್ವಾಧೀನ ಕೊಟ್ಟಿದ್ದೇನೆ'ಯನ್ನೂ ನೋಡಿ ತಲೆಬರಹಕ್ಕೆ 'ಸೇಲ್ ಡೀಡ್' ಎಂದು ಹಾಕಿಬಿಡುತ್ತಾರೆ. ಅದು 'ಅಗ್ರಿಮೆಂಟ್ ಆಫ್ ಸೇಲ್' ಆಗಬೇಕಿತ್ತು. ನೂರು ರೂಪಾಯಿ ಮೀರಿದ ಜಮೀನಿನ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು, ಬರೀ ಕರಾರಿನಿಂದ ಮಾಲೀಕತ್ವ ಬರುವುದಿಲ್ಲ. ಅಂದರೆ ತಲೆಬರಹದ ಒಂದು ತಪ್ಪು, ವ್ಯಾಜ್ಯದ ಮೂಲ ಪ್ರಶ್ನೆಗೇ ಒಂದು ಪಕ್ಷದ ಪರ ಉತ್ತರ ಬರೆದಂತೆ. ನಾನು ನೋಡುವುದು ಕ್ರಿಯಾಪದಗಳನ್ನು. 'ಬರೆದುಕೊಡುತ್ತೇನೆ' ಎಂದು ಮುಂದಿನ ಮಾತಿದ್ದರೆ ಕರಾರು, 'ಬರೆದುಕೊಟ್ಟಿರುತ್ತೇನೆ' ಎಂದಿದ್ದರೆ ನಿಂತು ಯೋಚಿಸಬೇಕು. ತಲೆಬರಹಕ್ಕೂ ಒಳಗಿನ ಮಾತಿಗೂ ಹೊಂದದಿದ್ದರೆ ಎರಡನ್ನೂ ಇದ್ದಂತೆಯೇ ತರಬೇಕು, ತೀರ್ಮಾನಿಸುವುದು ನಮ್ಮ ಕೆಲಸವಲ್ಲ.

ಅದೇ ಪತ್ರದಲ್ಲಿ ವಿಸ್ತೀರ್ಣ '2 ಎಕರೆ 10 ಗುಂಟೆ' ಎಂದಿದೆ ಎನ್ನಿ. ಇದನ್ನು 2.10 ಎಕರೆ ಎಂದು ಟೈಪ್ ಮಾಡಿದರೆ ಓದುವವರು ದಶಮಾಂಶ ಎಂದುಕೊಳ್ಳುತ್ತಾರೆ. ಎಕರೆಗೆ 40 ಗುಂಟೆ, ಹಾಗಾಗಿ ಪತ್ರದ ವಿಸ್ತೀರ್ಣ 2.25 ಎಕರೆ. ದಶಮಾಂಶದ 2.10 ಎಂದರೆ 2 ಎಕರೆ 4 ಗುಂಟೆ. ಚುಕ್ಕೆ ಇಟ್ಟದ್ದಕ್ಕೆ 6 ಗುಂಟೆ ಹೋಯಿತು. ಪಹಣಿಯಲ್ಲಿ ಖರಾಬು ಬೇರೆ ತೋರಿಸಿದ್ದರೆ ಕಳೆದು ಬರೆಯಬೇಡಿ. ಲೆಕ್ಕ ವಕೀಲರು ಮಾಡಲಿ, ನೀವು ಕಾಲಂ ಕಾಲಂ ಆಗಿ ಇದ್ದದ್ದನ್ನು ತನ್ನಿ. ಖರಾಬು, ಹಿಸ್ಸಾ, ಪೋಡಿ ಇಂಥವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಇಟ್ಟು, ಮೊದಲ ಬಾರಿ ಬಂದಾಗ ಅಡಿಟಿಪ್ಪಣಿಯಲ್ಲಿ ಅರ್ಥ ಕೊಡುವುದು ನನ್ನ ಪದ್ಧತಿ.

ಮೊಹರು, ಹೆಬ್ಬೆಟ್ಟಿನ ಗುರುತು, ಅಂಚಿನ ಬರಹ, ಹೊಡೆದುಹಾಕಿದ ಪದ, ಓದಲಾಗದ ಜಾಗ ಎಲ್ಲವನ್ನೂ ಅದರದರ ಸ್ಥಾನದಲ್ಲಿ ಗುರುತಿಸಿ. ಓದಲಾಗದ್ದನ್ನು ಊಹಿಸಿ ತುಂಬುವುದು ಮಾತ್ರ ಬೇಡ. ಮೂಲದ ಪುಟಸಂಖ್ಯೆ ಅನುವಾದದಲ್ಲಿ ಕಾಣಲಿ, ಪ್ರತಿ ಪುಟಕ್ಕೂ ನಿಮ್ಮ ಕಿರುಸಹಿ ಇರಲಿ. ಕೊನೆಯಲ್ಲಿ ದೃಢೀಕರಣ: ಹೆಸರು, ವಿದ್ಯಾರ್ಹತೆ, ವಿಳಾಸ, ಎರಡೂ ಭಾಷೆ ಬಲ್ಲೆ ಎಂಬ ಮಾತು, ನೋಡಿದ್ದು ಮೂಲವೋ ಜೆರಾಕ್ಸೋ ಎಂಬುದು, ದಿನಾಂಕ, ಪೂರ್ಣ ಸಹಿ. ನಿಮ್ಮ ಬಿ.ಎ. ಅಂಕಪಟ್ಟಿಯಲ್ಲಿ ಎರಡೂ ಭಾಷೆ ಐಚ್ಛಿಕವಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ.

ಮಂಜುನಾಥ (ವಕೀಲ): ಗಿರಿಜಾ ಮೇಡಂ ಹೇಳಿದ್ದು ಸರಿ. ನಾನೊಂದು ಸೇರಿಸುತ್ತೇನೆ. ಸುಪ್ರೀಂ ಕೋರ್ಟಿನ 2013ರ ನಿಯಮಗಳಲ್ಲಿ ಇಂಗ್ಲಿಷೇತರ ದಾಖಲೆಗೆ ಎರಡೂ ಪಕ್ಷ ಒಪ್ಪಿದ ಅನುವಾದ, ಇಲ್ಲವೇ ನ್ಯಾಯಾಲಯ ನೇಮಿಸಿದ ಅಥವಾ ಒಪ್ಪಿದ ಅನುವಾದಕರ ಅನುವಾದ ಎಂದು ದಾರಿ ತೋರಿಸಿದ್ದಾರೆ. ಹಾಗಾಗಿ ಎದುರಿನವರು ಒಪ್ಪಿದರೆ ಜಗಳವೇ ಇಲ್ಲ. ಒಪ್ಪದಿದ್ದಾಗಲೇ ಅನುವಾದಕರು ಯಾರು ಎಂಬ ಪ್ರಶ್ನೆ ಏಳುವುದು. ಇನ್ನೊಂದು, ಕಾನೂನು ಪದವಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಗಿರಿಜಾ: ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ ಸರ್. ಕಾನೂನು ಓದಿದವರು ಮೂಲದಲ್ಲಿ ಇಲ್ಲದ ಕಾನೂನಿನ ಪದವನ್ನು ಅನುವಾದದಲ್ಲಿ ಇಡುವುದನ್ನೂ ಕಂಡಿದ್ದೇನೆ. ರೈತ ಸಾಕ್ಷಿ 'ಜಮೀನು ನನ್ನ ಕೈಯಲ್ಲಿತ್ತು' ಎಂದರೆ ಅದು 'ಲಾಫುಲ್ ಪೊಸೆಶನ್' ಆಗಿಬಿಡುತ್ತದೆ. ಆ 'ಲಾಫುಲ್' ಸಾಕ್ಷಿಯ ಬಾಯಲ್ಲಿ ಬಂದಿರಲೇ ಇಲ್ಲ.

ಮಂಜುನಾಥ: ಆ ಅಪಾಯ ಇದೆ, ಒಪ್ಪುತ್ತೇನೆ. ಆದರೂ ದಾವೆಪತ್ರ, ಡಿಕ್ರಿ ಇವನ್ನು ಕಾನೂನು ಗೊತ್ತಿಲ್ಲದೆ ಮುಟ್ಟಬಾರದು ಎಂಬ ನನ್ನ ಮಾತು ಹಾಗೇ ಇದೆ.

ಸಹನಾ: ಪ್ರಮಾಣವಚನ ಎಂದಿರಲ್ಲ, ಅದು ಯಾವಾಗ ಬರುತ್ತದೆ?

ಗಿರಿಜಾ: ನ್ಯಾಯಾಲಯ ನಿಮ್ಮನ್ನು ದುಭಾಷಿಯಾಗಿ ಕರೆದಾಗ. ಸಾಕ್ಷಿಗೆ ಕನ್ನಡ ಬಾರದೆ ಅಥವಾ ವಕೀಲರ ಇಂಗ್ಲಿಷ್ ಪ್ರಶ್ನೆ ಅರ್ಥವಾಗದೆ ಇದ್ದಾಗ ಹಾಗೆ ಕರೆಯುತ್ತಾರೆ. 1969ರ ಪ್ರಮಾಣವಚನ ಕಾಯ್ದೆಯ ಅನುಸೂಚಿಯಲ್ಲಿ ದುಭಾಷಿಗೆಂದೇ ಒಂದು ನಮೂನೆ ಇದೆ. ಪ್ರಶ್ನೆ, ಸಾಕ್ಷ್ಯಗಳನ್ನು ಸರಿಯಾಗಿ ತಿಳಿಸುತ್ತೇನೆ, ಕೊಟ್ಟ ದಾಖಲೆಗಳನ್ನು ನಿಖರವಾಗಿ ಅನುವಾದಿಸುತ್ತೇನೆ ಎಂದು ಅದರಲ್ಲೇ ಬರುತ್ತದೆ. ಅದು ಆ ಪ್ರಕರಣಕ್ಕೆ ಮಾತ್ರ, ಮುಂದಿನ ಪ್ರಕರಣಕ್ಕೆ ಮತ್ತೆ ಮಾಡಬೇಕು. ಪ್ರಮಾಣಕ್ಕೆ ಬದ್ಧರಾದ ಅನುವಾದಕರು ನಿಜವಲ್ಲವೆಂದು ಗೊತ್ತಿದ್ದೂ ನಿಜವಾದ ಅನುವಾದ ಎಂದು ದೃಢೀಕರಿಸಿದರೆ ಅದು ಸುಳ್ಳು ಸಾಕ್ಷ್ಯ. ಭಾರತೀಯ ನ್ಯಾಯ ಸಂಹಿತೆಯ 227ನೇ ಸೆಕ್ಷನ್ ಇದನ್ನು ಉದಾಹರಣೆಯಾಗಿಯೇ ಕೊಟ್ಟಿದೆ, ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು. ಪ್ರಾಮಾಣಿಕವಾಗಿ ತಪ್ಪಿದವರ ಮೇಲೆ ಇದು ಬರುವುದಿಲ್ಲ, ಆದರೆ ಓದದೆ ಸಹಿ ಹಾಕುವ ಅಭ್ಯಾಸ ಬೇಡ.

ಈಗ ನೀವು ಮಾಡಬೇಕಾದದ್ದು: ಸಿವಿಲ್ ಮೇಲ್ಮನವಿ ನಡೆಸುವ ವಕೀಲರ ಕಚೇರಿಯೊಂದರಲ್ಲಿ ಕೆಲಸ ಕೇಳಿ. ಮೊದಲು ಸಾಕ್ಷಿ ಹೇಳಿಕೆಗಳು, ಆಮೇಲೆ ಪಹಣಿ, ಆಮೇಲೆ ಹಳೆಯ ಪತ್ರಗಳು, ಈ ಕ್ರಮದಲ್ಲಿ ತೆಗೆದುಕೊಳ್ಳಿ. ಮೋಡಿ ಅಕ್ಷರದಂಥ ಕೈಬರಹ ಓದಲು ಕಲಿಯುವವರೆಗೆ ಹಳೆಯ ಪತ್ರಕ್ಕೆ ಸಹಿ ಹಾಕಬೇಡಿ. ಮಾಡಿದ ಪ್ರತಿ ಅನುವಾದದ ದಿನಾಂಕ, ಪ್ರಕರಣ ಸಂಖ್ಯೆ, ಪುಟಗಳ ದಾಖಲೆ ಇಡಿ, ಮೂಲದ ಪ್ರತಿ ನಿಮ್ಮ ಹತ್ತಿರವೂ ಇರಲಿ. ನಾಲ್ಕು ವರ್ಷದ ಮೇಲೆ ನ್ಯಾಯಾಲಯ ಕೇಳಿದರೆ ಯಾವ ಪ್ರತಿ ನೋಡಿ ಬರೆದೆನೆಂದು ಹೇಳಲು ಬರಬೇಕು. ಜೊತೆಗೆ ಹುದ್ದೆಗಳ ಅಧಿಸೂಚನೆಗೆ ಕಣ್ಣಿಟ್ಟಿರಿ.

ಸಹನಾ: ನಮ್ಮೂರು ಧಾರವಾಡದ ಕಡೆ. ಅಲ್ಲಿಯ ಪೀಠದಲ್ಲಿ ಅನುವಾದಕರ ದೃಢೀಕರಣ ಸಾಕಾಗುತ್ತದೆಯೇ, ವಕೀಲರ ಸಹಿಯೂ ಬೇಕೇ?

ಮಂಜುನಾಥ: ನಾನು ಬೆಂಗಳೂರಿನಲ್ಲಿ ಮಾತ್ರ ಕೆಲಸ ಮಾಡುತ್ತೇನೆ, ಇಲ್ಲಿ ನಾವೂ ಸಹಿ ಹಾಕಿಯೇ ಸಲ್ಲಿಸುತ್ತೇವೆ. ಧಾರವಾಡ, ಕಲಬುರಗಿ ಪೀಠದ ವಕೀಲರು ಈ ಗುಂಪಿನಲ್ಲಿದ್ದರೆ ಅಲ್ಲಿಯ ರೂಢಿ ತಿಳಿಸಿ.